ಹುಳಿ ಜಾಸ್ತಿಯಾದ ಟೊಮೆಟೊ ಗೊಜ್ಜನ್ನು ಸರಿ ಮಾಡಿದ್ದು

ನಾದಿನಿಯ ಸೀಮಂತದ ದಿನ ಬೆಳಗಿನ ತಿಂಡಿಗೆ 25 ಜನಕ್ಕೆ ಚಪಾತಿ ಮತ್ತು ಟೊಮೆಟೊ ಗೊಜ್ಜು ಮಾಡುವುದು ನನ್ನ ಪಾಲಿಗೆ ಬಂದಿತ್ತು. ಗೊಜ್ಜು ನನಗೆ ಹೊಸದಲ್ಲ. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಅಂತ ಜಂಬವೂ ಇತ್ತು. ಎಡವಟ್ಟಾಗಿದ್ದು ಅದರಿಂದಲೇ.

ಮನೆಯಲ್ಲಿ ದಿನಾ ತರುವುದು ಫಾರಂ ಟೊಮೆಟೊ. ಗಟ್ಟಿ ಸಿಪ್ಪೆ, ದಪ್ಪ ತಿರುಳು, ಹುಳಿ ಕಡಿಮೆ. ಅದಕ್ಕೆ ಗೊಜ್ಜು ಮಾಡುವಾಗ ಜೊತೆಗೆ ಒಂದಿಷ್ಟು ಹುಣಸೆಹಣ್ಣು ಕಿವುಚಿ ಹಾಕುವುದು ನನ್ನ ರೂಢಿ. ಹಿಂದಿನ ದಿನ ಸಂಜೆ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದು ನಾಟಿ ಟೊಮೆಟೊ, 3 ಕೆಜಿ. ಚಪ್ಪಟೆ ಆಕಾರ, ಮೈಯೆಲ್ಲ ಮಡಿಕೆ, ಹೆಚ್ಚಿದರೆ ಒಳಗೆ ಬರೀ ಬೀಜ, ಲೋಳೆ. ಟೊಮೆಟೊದ ಹುಳಿ ತಿರುಳಿಗಿಂತ ಆ ಲೋಳೆಯಲ್ಲೇ ಜಾಸ್ತಿ. ಬಣ್ಣ ನೋಡಿ ಖುಷಿಪಟ್ಟೆನೇ ಹೊರತು ಒಂದು ಚೂರು ಬಾಯಿಗೆ ಹಾಕಿ ನೋಡಲಿಲ್ಲ.

ಒಗ್ಗರಣೆಗೆ ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವು. ಈರುಳ್ಳಿ ಬಾಡಿಸಿ ಟೊಮೆಟೊ ಸುರಿದೆ. ಬೆಂದು ಮೆತ್ತಗಾದ ಮೇಲೆ ಅರಿಶಿನ, ಹುಳಿಪುಡಿ, ಉಪ್ಪು ಹಾಕಿದೆ. ಕೈ ತನ್ನ ಪಾಡಿಗೆ ತಾನು ಹೋಗಿ, ನೆನೆಸಿಟ್ಟಿದ್ದ ನಿಂಬೆಹಣ್ಣಿನ ಗಾತ್ರದ ಹುಣಸೆಯ ರಸವನ್ನೂ ಸುರಿಯಿತು. ಒಂದು ಕುದಿ ಬಂದಾಗ ಸೌಟಿನ ತುದಿಯಲ್ಲಿ ರುಚಿ ನೋಡಿದೆ. ಕಣ್ಣು ತಾನಾಗೇ ಮುಚ್ಚಿತು. ಗಂಟಲ ಹತ್ತಿರ ಕೆರೆದ ಹಾಗಾಯಿತು.

ಮೊದಲು ಮಾಡಿದ್ದು ತಪ್ಪು ಕೆಲಸ. ಇನ್ನೊಂದು ಹದಿನೈದು ನಿಮಿಷ ಕುದ್ದರೆ ಹುಳಿ ಹೋಗುತ್ತದೆ ಅಂತ ಬಿಟ್ಟೆ. ಪಾತ್ರೆಯಲ್ಲಿ ಗೊಜ್ಜು ಒಂದು ಬೆರಳಿನಷ್ಟು ಕೆಳಗಿಳಿಯಿತು, ಹುಳಿ ಇನ್ನೂ ಚುರುಕಾಯಿತು. ಆಗೋದೇ ಹಾಗೆ. ಆವಿಯಾಗಿ ಹೋಗುವುದು ನೀರು, ಹುಳಿ ಅಲ್ಲ. ಹಸಿ ವಾಸನೆ ಹೋಗುವುದಕ್ಕೆ ಕುದಿಸುವುದು ಬೇರೆ, ಹುಳಿ ಇಳಿಸುವುದಕ್ಕೆ ಕುದಿಸುವುದು ಬೇರೆ. ಎರಡನೆಯದು ಆಗುವ ಮಾತಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ, "ಬೆಲ್ಲ ಹಾಕೇ, ಎಲ್ಲ ಸರಿಹೋಗತ್ತೆ" ಅಂದರು. ಒಂದು ಹಿಡಿ ಹಾಕಿದೆ. ಸರಿಹೋಗಲಿಲ್ಲ. ಇನ್ನೊಂದು ಹಿಡಿ ಹಾಕಿದೆ. ಈಗ ಗೊಜ್ಜು ಮೊದಲು ಸಿಹಿಯಾಗಿ ನಾಲಿಗೆಗೆ ತಾಕಿ, ಎರಡು ಕ್ಷಣ ಬಿಟ್ಟು ಹಿಂದಿನಿಂದ ಹುಳಿ ಹೊಡೆಯುತ್ತಿತ್ತು. ಮಕ್ಕಳು ಚಪ್ಪರಿಸುವ ಹುಣಸೆ ಚಿಗಳಿಯ ಹಾಗೆ. ಚಪಾತಿಗೆ ಚಿಗಳಿ ಹಚ್ಚಿಕೊಂಡು ಯಾರು ತಿನ್ನುತ್ತಾರೆ?

ಒಲೆ ಆರಿಸಿ ಯೋಚಿಸಿದೆ. ಬೆಲ್ಲ ಹುಳಿಯನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ ಅಷ್ಟೇ. ಹುಳಿ ಸ್ವಲ್ಪವೇ ಜಾಸ್ತಿಯಾಗಿದ್ದರೆ ಮುಚ್ಚಿದರೆ ಸಾಕು. ಇಷ್ಟೊಂದು ಇದ್ದಾಗ ಮೊದಲು ಅದನ್ನು ಕಡಿಮೆ ಮಾಡಬೇಕು, ಬೆಲ್ಲ ಆಮೇಲೆ. ನಾನು ಉಲ್ಟಾ ಮಾಡಿದ್ದೆ. ಆದರೆ ಇಡೀ ಪಾತ್ರೆಯ ಮೇಲೆ ಇನ್ನು ಪ್ರಯೋಗ ಮಾಡುವ ಧೈರ್ಯ ಇರಲಿಲ್ಲ. ಮೂರು ಬಟ್ಟಲು ತಗೊಂಡು, ಒಂದೊಂದಕ್ಕೂ ಒಂದೊಂದು ಸೌಟು ಗೊಜ್ಜು ಹಾಕಿದೆ.

ಮೊದಲನೆಯದಕ್ಕೆ ಅರ್ಧ ಸೌಟು ಬಿಸಿನೀರು. ಹುಳಿ ಇಳಿಯಿತು, ಜೊತೆಗೆ ಉಪ್ಪು, ಖಾರ, ಇಂಗು ಎಲ್ಲವೂ ಇಳಿಯಿತು. ಅದು ಗೊಜ್ಜಲ್ಲ, ತೆಳ್ಳನೆಯ ಸಾರು.

ಎರಡನೆಯದಕ್ಕೆ ಎರಡು ಚಮಚ ಕಾಯಿ ಮತ್ತು ಹುರಿಗಡಲೆ ರುಬ್ಬಿದ್ದು. ಇದು ಚೆನ್ನಾಗಿತ್ತು. ಇದೂ ಒಂದು ಥರ ನೀರು ಬೆರೆಸಿದ ಹಾಗೇ, ಆದರೆ ಗೊಜ್ಜು ತೆಳುವಾಗುವುದಿಲ್ಲ. ಕಾಯಿಯ ಜಿಡ್ಡು ನಾಲಿಗೆಗೆ ಹಚ್ಚಿಕೊಂಡು ಹುಳಿಯ ಮೊನೆಯನ್ನು ಮೊಂಡು ಮಾಡುತ್ತದೆ. ಆದರೂ ಗಂಟಲ ಕೆರೆತ ಉಳಿದೇ ಇತ್ತು. ಅದು ಹೋಗುವಷ್ಟು ಕಾಯಿ ಹಾಕಿದರೆ ಟೊಮೆಟೊ ಗೊಜ್ಜು ಹೋಗಿ ಸಾಗು ಆಗುತ್ತಿತ್ತು.

ಮೂರನೆಯದಕ್ಕೆ ಅಡುಗೆ ಸೋಡಾ. ಎರಡು ಬೆರಳಲ್ಲಿ ಎತ್ತುವ ಚಿಟಿಕೆಯಲ್ಲೂ ಅರ್ಧ. ಬಟ್ಟಲಿನ ಮೇಲೆ ಬುಸ್ಸೆಂದು ಸಣ್ಣ ನೊರೆ ಬಂದು, ಅರ್ಧ ನಿಮಿಷದಲ್ಲಿ ಕುಗ್ಗಿತು. ರುಚಿ ನೋಡಿದರೆ ಗಂಟಲಿಗೆ ಹೊಡೆಯುತ್ತಿದ್ದ ಆ ಹುಳಿ ಇಲ್ಲ! ಟೊಮೆಟೊ ರುಚಿ ಇದೆ. ಬರೀ ಸಿಹಿ ಎದ್ದು ಕಾಣುತ್ತಿತ್ತು, ಅದು ನಾನೇ ಸುರಿದ ಬೆಲ್ಲ. ಎಷ್ಟರವರೆಗೆ ಹೋಗಬಹುದು ನೋಡೋಣ ಅಂತ ಅದೇ ಬಟ್ಟಲಿಗೆ ಇನ್ನೆರಡು ಚಿಟಿಕೆ ಹಾಕಿದೆ. ಕೆಂಪು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿತು. ನಾಲಿಗೆಗೆ ಸೋಪಿನ ನೀರು ಮುಟ್ಟಿಸಿದ ಹಾಗಾಯಿತು. ಆ ಬಟ್ಟಲನ್ನು ಸಿಂಕಿಗೆ ಸುರಿದೆ. ಅಲ್ಲಿಂದ ವಾಪಸ್ ತರುವ ದಾರಿಯಿಲ್ಲ, ತಂದರೂ ಮತ್ತೆ ಹುಳಿಯನ್ನೇ ಸೇರಿಸಬೇಕು.

ಬೆಲ್ಲ ಮಾಡದ ಕೆಲಸವನ್ನು ಸೋಡಾ ಮಾಡುವುದು ಯಾಕೆ ಅಂದರೆ, ಅದು ಹುಳಿಯ ಜೊತೆ ಸೇರಿ ಅದನ್ನು ಹುಳಿಯಲ್ಲದ ಲವಣ ಮಾಡಿಬಿಡುತ್ತದೆ. ನೊರೆಯಾಗಿ ಹೊರಗೆ ಬರುವುದು ಇಂಗಾಲದ ಡೈಆಕ್ಸೈಡ್. ಟೊಮೆಟೊದಲ್ಲಿ ಮುಖ್ಯವಾಗಿ ಇರುವುದು ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿರುವುದೇ. ಒಂದು ಕೆಜಿ ಟೊಮೆಟೊದಲ್ಲಿ ಅದು ಸುಮಾರು 4-5 ಗ್ರಾಂ ಇರುತ್ತದೆ. ಕಾಲು ಟೀ ಚಮಚ ಸೋಡಾ ಅಂದರೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಷ್ಟು ಸೋಡಾ ಆ ಹುಳಿಯಲ್ಲಿ ಹೆಚ್ಚು ಕಡಿಮೆ ಐದನೇ ಒಂದು ಪಾಲನ್ನು ತೆಗೆಯುತ್ತದೆ. ನಮಗೆ ಬೇಕಾಗಿರುವುದೂ ಅಷ್ಟೇ. ಗೊಜ್ಜಿಗೆ ಹುಳಿ ಬೇಡ ಅಂತಲ್ಲ, ಮೇಲೆ ಬಂದು ಕೂತಿರುವಷ್ಟು ಹುಳಿ ಬೇಡ. ಹಾಗಾಗಿ ಕೆಜಿಗೆ ಕಾಲು ಟೀ ಚಮಚ ನನ್ನ ಲೆಕ್ಕದಲ್ಲಿ ಕೊನೆಯ ಗೆರೆ. ಶುರು ಮಾಡುವುದು ಅದರ ಅರ್ಧದಿಂದ.

ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು ಬಿಸಿ ಮಾಡಿದೆ. ಅರ್ಧ ಟೀ ಚಮಚಕ್ಕಿಂತ ಕಡಿಮೆ ಸೋಡಾವನ್ನು ಎರಡು ಚಮಚ ನೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿದೆ. ಪುಡಿಯನ್ನೇ ಉದುರಿಸಿದರೆ ಒಂದೊಂದು ಕಡೆ ಗಂಟಾಗಿ, ಅದು ಸಿಕ್ಕವರ ಬಾಯಿ ಕೆಡುತ್ತದೆ. ಉರಿ ಸಣ್ಣ ಮಾಡಿ, ಸುತ್ತ ಸುರಿದು ತಳದಿಂದ ಮಗುಚಿದೆ. ನೊರೆ ಪಾತ್ರೆಯ ಅಂಚಿನವರೆಗೂ ಎದ್ದಿತು. ಪಾತ್ರೆ ಮುಕ್ಕಾಲಿಗಿಂತ ಜಾಸ್ತಿ ತುಂಬಿದ್ದರೆ ಒಲೆಯ ಮೇಲೆಲ್ಲ ಚೆಲ್ಲಿರುತ್ತಿತ್ತು. ನೊರೆ ಪೂರ್ತಿ ಕೂರುವವರೆಗೆ, ಸುಮಾರು ಎರಡು ಮೂರು ನಿಮಿಷ, ರುಚಿ ನೋಡಬಾರದು. ನೊರೆ ಏಳುತ್ತಿದೆ ಅಂದರೆ ಅದು ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗಲೇ ನೋಡಿ 'ಸಾಲದು' ಅಂತ ಇನ್ನಷ್ಟು ಹಾಕಿದರೆ ನನ್ನ ಮೂರನೇ ಬಟ್ಟಲಿನ ಗತಿಯೇ.

ಕೂತ ಮೇಲೆ ನೋಡಿದೆ. ಇಳಿದಿತ್ತು, ಆದರೆ ಸಾಲದು. ಇನ್ನೊಂದು ಚಿಟಿಕೆ ಕದಡಿ ಹಾಕಿ, ಮತ್ತೆ ಕಾದು, ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಸ್ವಲ್ಪ ಹುಳಿ ಮುಂದಿದ್ದಾಗಲೇ ಸೋಡಾ ನಿಲ್ಲಿಸುವುದು ಒಳ್ಳೆಯದು, ಉಳಿದದ್ದನ್ನು ಕಾಯಿ ನೋಡಿಕೊಳ್ಳುತ್ತದೆ. ಅರ್ಧ ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ ನುಣ್ಣಗೆ ರುಬ್ಬಿ ಹಾಕಿದೆ. ಬೆಲ್ಲದ ಸಿಹಿ ಇನ್ನೂ ಎದ್ದು ಕಾಣುತ್ತಿದ್ದುದರಿಂದ ಎರಡು ದೊಡ್ಡ ಈರುಳ್ಳಿ ಹುರಿದು, ಒಂದೂವರೆ ಚಮಚ ಹುಳಿಪುಡಿಯ ಜೊತೆ ಸೇರಿಸಿದೆ. ಖಾರ ಏರಿದ ಮೇಲೆ ಸಿಹಿ ಹಿಂದಕ್ಕೆ ಸರಿಯಿತು. ಉಪ್ಪನ್ನು ನೋಡಿದ್ದು ಕಟ್ಟಕಡೆಗೆ. ಸೋಡಾದಲ್ಲೂ ಸೋಡಿಯಂ ಇರುವುದರಿಂದ ಮೊದಲೇ ಉಪ್ಪು ಸರಿ ಮಾಡಿಕೊಂಡರೆ ಆಮೇಲೆ ಜಾಸ್ತಿ ಅನ್ನಿಸಬಹುದು. ಬಿಪಿ ಇರುವವರ ಮನೆಯಲ್ಲಿ ಇದನ್ನು ನೆನಪಿಡಬೇಕು. ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟೆ.

ಇದರ ಮಧ್ಯೆ ಪಕ್ಕದ ಮನೆ ಆಂಟಿ ಹೇಳಿದರು ಅಂತ ಎರಡು ಹಸಿ ಆಲೂಗಡ್ಡೆಯನ್ನೂ ದೊಡ್ಡ ಹೋಳು ಮಾಡಿ ಹಾಕಿದ್ದೆ, ಹುಳಿ ಎಳೆದುಕೊಳ್ಳುತ್ತದೆ ಅಂತ. ಆಲೂಗಡ್ಡೆ ಎಳೆದುಕೊಳ್ಳುವುದು ಗೊಜ್ಜಿನ ರಸವನ್ನು. ಅದರಲ್ಲಿ ಹುಳಿ, ಉಪ್ಪು, ಖಾರ ಎಲ್ಲ ಸಮವಾಗೇ ಇರುತ್ತದೆ, ಹುಳಿಯನ್ನೇ ಆರಿಸಿ ಕುಡಿಯುವುದಿಲ್ಲ. ಮೇಲಾಗಿ ಹುಳಿಯಲ್ಲಿ ಆಲೂಗಡ್ಡೆ ಬೇಗ ಬೇಯುವುದೂ ಇಲ್ಲ. ಇಪ್ಪತ್ತು ನಿಮಿಷದ ಮೇಲೂ ಚಾಕು ಚುಚ್ಚಿದರೆ ನಡುವೆ ಕಟಕ್ ಅನ್ನುತ್ತಿತ್ತು. ಎತ್ತಿ ಹೊರಗಿಟ್ಟೆ. ಆಲೂಗಡ್ಡೆ ಹಾಕಲೇಬೇಕಿದ್ದರೆ ಬೇರೆ ಬೇಯಿಸಿ, ಮಸೆದು ಬೆರೆಸಿ. ಆಗ ಅದು ಕಾಯಿಯ ಕೆಲಸ ಮಾಡುತ್ತದೆ.

ಆವತ್ತಿನಿಂದ ಟೊಮೆಟೊ ಹೆಚ್ಚಿದ ಕೂಡಲೇ ಲೋಳೆ ಇರುವ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತೇನೆ. ಹುಣಸೆರಸ ಹಾಕುವುದಿದ್ದರೆ ಕೊನೆಯಲ್ಲಿ, ಟೊಮೆಟೊ ಬೆಂದು ರುಚಿ ಗೊತ್ತಾದ ಮೇಲೆ. ನಾಟಿ ಟೊಮೆಟೊ ಸಿಕ್ಕರೆ ಹುಣಸೆಯನ್ನು ನೆನೆಸುವುದೇ ಇಲ್ಲ. ನೆನೆಸಿಟ್ಟರೆ ಕೈ ಸುಮ್ನಿರಲ್ಲ.

ಸೋಡಾವನ್ನು ಎಲ್ಲದಕ್ಕೂ ಹಾಕುವುದಿಲ್ಲ. ಟೊಮೆಟೊ ಸಾರು ಹುಳಿಯಾದರೆ ನಾನು ಡಬ್ಬಿ ತೆರೆಯುವುದೇ ಇಲ್ಲ. ಸಾರು ತೆಳು, ಅದರ ಜೀವವೇ ಹುಳಿ, ಸೋಡಾ ಬಿದ್ದರೆ ಸಪ್ಪೆಯಾಗಿ ಗೊತ್ತಾಗಿಬಿಡುತ್ತದೆ. ಅದಕ್ಕೆ ತೊಗರಿಬೇಳೆ ಕಟ್ಟು ಒಂದು ಲೋಟ ಬೆರೆಸಿ, ಸಾರಿನ ಪುಡಿ, ಉಪ್ಪು ಸರಿ ಮಾಡಿಕೊಂಡರೆ ಮುಗಿಯಿತು. ಹೋಟೆಲ್ ಥರದ ಟೊಮೆಟೊ ಗ್ರೇವಿಗೆ ಹಾಲು ಸುರಿಯಲು ಹೋಗಬೇಡಿ, ಬಿಸಿ ಹುಳಿಗೆ ಹಾಲು ಒಡೆಯುತ್ತದೆ. ಗೋಡಂಬಿ ರುಬ್ಬಿದ್ದು ಒಡೆಯುವುದಿಲ್ಲ.

ಇನ್ನು ತಿಂಗಳುಗಟ್ಟಲೆ ಇಡುವ ಟೊಮೆಟೊ ತೊಕ್ಕು, ಉಪ್ಪಿನಕಾಯಿಗೆ ಸೋಡಾ ಖಂಡಿತ ಬೇಡ. ಅಲ್ಲಿ ಹುಳಿ ಇರುವುದು ಬರೀ ರುಚಿಗಲ್ಲ. ಅದು ಕೆಡದ ಹಾಗೆ ಕಾಯುವುದೇ ಎಣ್ಣೆ, ಉಪ್ಪಿನ ಜೊತೆ ಆ ಹುಳಿ. ಅದನ್ನು ತೆಗೆದರೆ ಜಾಡಿಯಲ್ಲಿರುವುದು ಉಪ್ಪಿನಕಾಯಿ ಅಲ್ಲ, ಎರಡು ದಿನದಲ್ಲಿ ತಿಂದು ಮುಗಿಸಬೇಕಾದ, ಫ್ರಿಜ್ಜಿನಲ್ಲಿಡಬೇಕಾದ ಗೊಜ್ಜು. ತೊಕ್ಕು ಹುಳಿಯಾಗಿದ್ದರೆ ಇಡೀ ಜಾಡಿಯನ್ನು ಮುಟ್ಟದೆ, ಊಟಕ್ಕೆ ಬೇಕಾದಷ್ಟನ್ನು ಬಟ್ಟಲಿಗೆ ತೆಗೆದು ಒಂದು ಚೂರು ಬೆಲ್ಲ, ಒಂದು ಚಮಚ ಎಣ್ಣೆ ಕಲಸಿಕೊಳ್ಳುತ್ತೇನೆ.