ಹೊಟ್ಟೆಗೆ ಬಿಗಿ ಅಂತ ಸೈಜ್ ಏರಿಸಿ ಕೆಟ್ಟಿದ್ದು

ದಾವಣಗೆರೆಯಲ್ಲಿ ನನ್ನದೊಂದು ಆಲ್ಟರೇಷನ್ ಅಂಗಡಿ. ಈಗೆಲ್ಲ ಹೊಸದಾಗಿ ಹೊಲಿಸೋರಿಗಿಂತ ರೆಡಿಮೇಡ್ ತಂದು "ಇದನ್ನ ಒಂಚೂರು ಹಿಡಿದು ಕೊಡಿ" ಅನ್ನೋರೇ ಜಾಸ್ತಿ. ಅದರಲ್ಲಿ ಅರ್ಧಕ್ಕರ್ಧ ಸೈಜು ತಪ್ಪಿದ್ದಲ್ಲ, ಫಿಟ್ಟಿನ ಹೆಸರು ನೋಡಿ ಸೈಜು ಬದಲಾಯಿಸಿಕೊಂಡಿದ್ದು. ದಿನಾ ಟೇಪು ಹಿಡಿಯೋ ನಾನೇ ಹಾಗೆ ಒಮ್ಮೆ ಮೋಸ ಹೋದೆ.

ನನ್ನ ಎದೆ ಸುತ್ತಳತೆ 40 ಇಂಚು, ಹೊಟ್ಟೆ 41. ಮದುವೆಯೊಂದಕ್ಕೆ ಸ್ಲಿಮ್ ಫಿಟ್ ಶರ್ಟ್ ನೋಡಿದೆ. ಮೀಡಿಯಂ ಹಾಕಿಕೊಂಡರೆ ಭುಜಕ್ಕೆ ಸರಿಯಾಗಿ ಕೂತಿತು, ಹೊಟ್ಟೆ ಹತ್ತಿರ ಮಾತ್ರ ಗುಂಡಿ ಎಳೆಯಿತು. ಒಂದು ಸೈಜು ದೊಡ್ಡದು ಸಾಕು ಅಂದುಕೊಂಡು ಲಾರ್ಜ್ ತಂದೆ. ಮನೆಗೆ ಬಂದು ಹಾಕಿಕೊಂಡರೆ ಭುಜದ ಹೊಲಿಗೆ ತೋಳಿನ ಮೇಲೆ ಜಾರಿದೆ, ಕಾಲರ್ ಒಳಗೆ ಎರಡು ಬೆರಳಿನ ಬದಲು ಮೂರು ಹೋಗುತ್ತೆ, ಕಫ್ ಅಂಗೈ ಮುಟ್ಟುತ್ತೆ. ಇಷ್ಟಾದರೂ ಕೂತಾಗ ಹೊಟ್ಟೆ ಮೇಲಿನ ಗುಂಡಿ ಬಾಯಿ ಬಿಡೋದು ನಿಲ್ಲಲಿಲ್ಲ.

ಆಮೇಲೆ ಅದೇ ಕಂಪನಿಯ ರೆಗ್ಯುಲರ್ ಫಿಟ್ ಮೀಡಿಯಂ ತರಿಸಿ, ಎರಡನ್ನೂ ಗುಂಡಿ ಹಾಕಿ ಮೇಜಿನ ಮೇಲೆ ಹರಡಿದೆ. ಕಂಕುಳಿಂದ ಒಂದಿಂಚು ಕೆಳಗೆ, ಈ ಪಕ್ಕದಿಂದ ಆ ಪಕ್ಕಕ್ಕೆ ಅಳೆದು ಎರಡರಿಂದ ಗುಣಿಸಿದೆ. ಸ್ಲಿಮ್ ಲಾರ್ಜ್ 46, ರೆಗ್ಯುಲರ್ ಮೀಡಿಯಂ ಕೂಡ 46! ವ್ಯತ್ಯಾಸ ಇದ್ದಿದ್ದು ಬೇರೆ ಕಡೆ. ಸೊಂಟದ ಹತ್ತಿರ ಸ್ಲಿಮ್ಮಿಗೆ 43, ರೆಗ್ಯುಲರ್‌ಗೆ 44½. ಭುಜ ಸ್ಲಿಮ್ ಲಾರ್ಜಿಗೆ 18¼, ರೆಗ್ಯುಲರ್‌ಗೆ 17¾. ನನ್ನ ಭುಜ 17½. ಅಂದರೆ ಸೈಜು ಏರಿಸಿದಾಗ ನನಗೆ ಬೇಡದ ಭುಜ, ತೋಳು, ಕಾಲರ್ ಎಲ್ಲ ಬೆಳೆದವು. ಬೇಕಾಗಿದ್ದ ಸೊಂಟ ಮಾತ್ರ ಸ್ಲಿಮ್ಮಿನ ಕಟಿಂಗಿನಲ್ಲೇ ಉಳಿಯಿತು.

ಆವತ್ತಿಂದ ಗಿರಾಕಿಗಳಿಗೂ ಇದನ್ನೇ ಹೇಳ್ತೀನಿ. ಸೈಜು ಮೈಯ ಅಳತೆ ನೋಡಿ ಆರಿಸೋದು, ಫಿಟ್ ಅಂದರೆ ಆ ಮೈ ಮೇಲೆ ಎಷ್ಟು ಸಡಿಲ ಬಿಟ್ಟಿದ್ದಾರೆ ಅನ್ನೋದು. ನೇಯ್ದ ಬಟ್ಟೆಯ ಶರ್ಟುಗಳಲ್ಲಿ ನಾನು ಅಳೆದ ಮಟ್ಟಿಗೆ ಸ್ಲಿಮ್ಮಿಗೆ ಎದೆಗಿಂತ 3–4 ಇಂಚು, ರೆಗ್ಯುಲರ್‌ಗೆ 5–6, ರಿಲ್ಯಾಕ್ಸ್ಡ್‌ಗೆ 7–8 ಇಂಚು ಹೆಚ್ಚಿರುತ್ತೆ. ಓವರ್‌ಸೈಜ್ ಅದಕ್ಕಿಂತ ಮೇಲೆ. ಕಂಪನಿಯಿಂದ ಕಂಪನಿಗೆ ಇದು ಅತ್ತಿತ್ತ ಆಗುತ್ತೆ. ಟೀ ಶರ್ಟ್ ಬಟ್ಟೆ ಹಿಗ್ಗುವುದರಿಂದ ಅದರ ಸ್ಲಿಮ್ ಇನ್ನೂ ಬಿಗಿ.

ಫಾರ್ಮಲ್ ಶರ್ಟಿನ 39, 40, 42 ಅನ್ನೋ ನಂಬರಿನಲ್ಲೂ ಜನ ಎಡವುತ್ತಾರೆ. ಎಷ್ಟೋ ಕಡೆ ಅದು ಎದೆಯ ಇಂಚು ಅಲ್ಲ, ಕಾಲರಿನ ಸೆಂಟಿಮೀಟರ್. 40 ಅಂದರೆ ಕುತ್ತಿಗೆಗೆ ಸುಮಾರು 15¾ ಇಂಚು. ಲೇಬಲ್ ನೋಡಿ ಎದೆ ಅಂದುಕೊಂಡು ತಂದವರ ಶರ್ಟು ನನ್ನ ಅಂಗಡಿಗೇ ಬರೋದು.

ಓವರ್‌ಸೈಜ್‌ದು ಇನ್ನೊಂದು ಕಥೆ. ಅಕ್ಕನ ಮಗ ಟೀ ಶರ್ಟ್ ತಂದ. "ಮಾವ, ಓವರ್‌ಸೈಜ್ ಅಂದಮೇಲೆ ದೊಡ್ಡದೇ ತಗೋಬೇಕಲ್ವಾ, ಲಾರ್ಜ್ ಹಾಕಿಸಿದೆ. ನೋಡಿದ್ರೆ ನೈಟಿ ಥರ ಇದೆ" ಅಂದ. ಹುಡುಗನ ಎದೆ 38. ಅಂಗಿ ಅಳೆದರೆ 49 ಇಂಚು! ಮೀಡಿಯಂ ತಗೊಂಡಿದ್ದರೂ 47 ಬರುತ್ತಿತ್ತು. ಸಡಿಲವನ್ನು ಕಂಪನಿಯವರೇ ಸೇರಿಸಿ ಆಗಿತ್ತು, ಇವನು ಅದರ ಮೇಲೆ ಇನ್ನೊಮ್ಮೆ ಸೇರಿಸಿದ.

"ಪಕ್ಕದಲ್ಲಿ ಹಿಡಿದುಬಿಡಿ ಮಾವ" ಅಂದ. ಹಿಡಿಯಬಹುದು, ಆದರೆ ಅಂಗಿಯ ಭುಜ 22 ಇಂಚು, ಅವನ ಭುಜ 17. ಹೊಲಿಗೆ ಎರಡೂ ಕಡೆ ಎರಡೂವರೆ ಇಂಚು ಕೆಳಗೆ ಇಳಿದಿರುತ್ತೆ. ಪಕ್ಕ ಮಾತ್ರ ಹಿಡಿದರೆ ಮೈ ಸಣ್ಣದಾಗಿ ತೋಳು ರೆಕ್ಕೆಯ ಹಾಗೆ ನಿಲ್ಲುತ್ತೆ. ಸರಿ ಮಾಡಬೇಕೆಂದರೆ ತೋಳು ಬಿಚ್ಚಿ, ಭುಜ ಕತ್ತರಿಸಿ, ಮತ್ತೆ ಕೂರಿಸಬೇಕು. ಆ ಮಜೂರಿಗೆ ಇನ್ನೊಂದು ಟೀ ಶರ್ಟ್ ಬರುತ್ತೆ. ಕೆಲವರು ಇದಕ್ಕೆ ಹೆದರಿ ಓವರ್‌ಸೈಜ್‌ನಲ್ಲಿ ಎರಡು ಸೈಜು ಚಿಕ್ಕದು ತಗೋತಾರೆ. ಆಗ ಉದ್ದ ಕಮ್ಮಿಯಾಗಿ, ಕೈ ಎತ್ತಿದರೆ ಹೊಟ್ಟೆ ಕಾಣುತ್ತೆ. ಇಳಿಭುಜ ಮಾತ್ರ ಹಾಗೇ ಇರುತ್ತೆ, ಯಾಕಂದರೆ ಅದನ್ನು ಕಟ್ ಮಾಡಿರೋದೇ ಹಾಗೆ.

ಸ್ಲಿಮ್ಮಿನಲ್ಲಿ ತಪ್ಪಿದರೆ ಇನ್ನೂ ಕಷ್ಟ. ದರ್ಜಿ ಹೊಲಿದದ್ದರಲ್ಲಿ ಒಳಗೆ ಮಾರ್ಜಿನ್ ಇರುತ್ತೆ, ಬಿಚ್ಚಿ ದೊಡ್ಡದು ಮಾಡಬಹುದು. ಫ್ಯಾಕ್ಟರಿ ಶರ್ಟಿನ ಪಕ್ಕದ ಹೊಲಿಗೆಯನ್ನು ಒಳಗೆ ಮಡಚಿ ಜೋಡಿ ಹೊಲಿಗೆ ಹಾಕಿರ್ತಾರೆ, ಬಿಡೋಕೆ ಬಟ್ಟೆಯೇ ಇರಲ್ಲ. ಬೆನ್ನಿಗೆ ಬಟ್ಟೆ ಮಡಚಿ ಹೊಲಿದ ಎರಡು ಡಾರ್ಟ್ ಇದ್ದರೆ ಅದನ್ನು ಬಿಚ್ಚಿ ಸೊಂಟಕ್ಕೆ ಒಂದಿಂಚೋ ಒಂದೂವರೆಯೋ ಕೊಡಬಹುದು, ಸೂಜಿ ತೂತಿನ ಗುರುತು ಉಳಿದರೆ ನನ್ನನ್ನು ಬೈಬಾರದು.

ನನ್ನ ಆ ಸ್ಲಿಮ್ ಲಾರ್ಜಿಗೂ ಹಾಗೇ ಡಾರ್ಟ್ ಬಿಚ್ಚಿದೆ. ಹೊಟ್ಟೆಗೆ ಸರಿಹೋಯ್ತು, ಭುಜ ಈಗಲೂ ಜಾರುತ್ತೆ. ಅಂಗಡಿಯಲ್ಲಿ ಕೆಲಸಕ್ಕೆ ಹಾಕಿಕೊಳ್ತೀನಿ.