ಮಡಚುವ ಫೋನಿನಲ್ಲಿ ಮೊದಲು ಕೈಕೊಟ್ಟಿದ್ದು ಹಿಂಜ್ ಅಲ್ಲ

ಮಡಚುವ ಫೋನ್ ಕೊಳ್ಳುವ ಮುಂಚೆ ನನಗೆ ಎರಡೇ ಭಯ ಇತ್ತು. ಮಡಚುವ ಕೀಲು, ಅಂದರೆ ಹಿಂಜ್, ಮುರಿದರೆ ಏನು ಗತಿ? ಸ್ಕ್ರೀನಿನ ನಡುವಿನ ಗೆರೆ ದಿನವಿಡೀ ಕಣ್ಣಿಗೆ ಚುಚ್ಚುತ್ತಿದ್ದರೆ? ಪುಸ್ತಕದ ಹಾಗೆ ತೆರೆಯುವ ಫೋನ್ ತೆಗೆದುಕೊಂಡು ಈಗ 23 ತಿಂಗಳಾಯಿತು. ಆ ಎರಡೂ ಆಗಲಿಲ್ಲ. ತೊಂದರೆ ಬಂದಿದ್ದು ನಾನು ಯೋಚನೆಯೇ ಮಾಡದಿದ್ದ ಕಡೆಯಿಂದ. ಒಳಗಿನ ಸ್ಕ್ರೀನಿನ ಮೇಲೆ ಕಂಪನಿಯವರೇ ಅಂಟಿಸಿ ಕೊಡುವ ತೆಳು ಪ್ಲಾಸ್ಟಿಕ್ ಫಿಲಂನಿಂದ.

ಗೆರೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಮೊದಲ ವಾರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಸ್ಕ್ರೀನ್ ಆರಿದ್ದಾಗ, ಪಕ್ಕದಿಂದ ಬೆಳಕು ಬಿದ್ದಾಗ ಚೆನ್ನಾಗಿ ಕಾಣುತ್ತದೆ. ಬೆರಳು ಆಡಿಸಿದರೆ ಸಣ್ಣ ತಗ್ಗು ಕೈಗೆ ಸಿಗುತ್ತದೆ. ಆದರೆ ನೇರ ಹಿಡಿದು ಓದುತ್ತಾ ಕೂತರೆ ಮರೆತೇ ಹೋಗುತ್ತದೆ. ಮೊದಲ ಕೆಲವು ತಿಂಗಳು ಸ್ವಲ್ಪ ಆಳವಾಯಿತು, ಆಮೇಲೆ ಹಾಗೇ ನಿಂತಿತು.

ಗೆರೆ ಯಾಕೆ ಬರುತ್ತದೆ ಅಂತ ತಿಳಿದರೆ ಭಯ ಕಡಿಮೆ. ಒಂದು ದಪ್ಪ ನೋಟ್‌ಬುಕ್ ಬಗ್ಗಿಸಿ ನೋಡಿ. ಹಾಳೆಗಳ ಅಂಚು ಒಂದರ ಮೇಲೊಂದು ಜಾರಿ ಮೆಟ್ಟಿಲಿನ ಹಾಗೆ ಆಗುತ್ತದೆ. ಫೋನಿನ ಸ್ಕ್ರೀನ್ ಕೂಡ ಹಾಳೆಗಳ ಕಟ್ಟೇ. ಮೇಲೆ ಪ್ಲಾಸ್ಟಿಕ್ ಫಿಲಂ, ಅದರ ಕೆಳಗೆ ಕೂದಲಿಗಿಂತ ತೆಳು ಗಾಜು, ಆಮೇಲೆ ಚಿತ್ರ ಮೂಡಿಸುವ ಪ್ಯಾನೆಲ್, ಪ್ರತಿ ಎರಡರ ನಡುವೆ ಮೆತ್ತನೆ ಅಂಟು. ಮಡಚಿದಾಗ ಈ ಅಂಟು ಎಳೆದುಕೊಂಡು ಪದರಗಳಿಗೆ ಜಾರಲು ಬಿಡುತ್ತದೆ. ಬಿಚ್ಚಿದಾಗ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಆ ಉಳಿದ ಬಾಗೇ ಗೆರೆ. ಈಚಿನ ಹಿಂಜ್‌ಗಳು ಸ್ಕ್ರೀನನ್ನು ಒಳಗೆ ನೀರಿನ ಹನಿಯ ಆಕಾರದಲ್ಲಿ ಅಗಲವಾಗಿ ಬಾಗಿಸುವುದರಿಂದ ಗೆರೆ ಮೊದಲಿನಷ್ಟು ಎದ್ದು ಕಾಣುವುದಿಲ್ಲ.

ಇನ್ನು ಹಿಂಜ್. 2019ರ ಮೊದಲ ಗ್ಯಾಲಕ್ಸಿ ಫೋಲ್ಡ್‌ಗೇ ಸ್ಯಾಮ್‌ಸಂಗ್ 2 ಲಕ್ಷ ಸಲ ಮಡಚಬಹುದು ಅಂತ ಹೇಳಿತ್ತು. ನಾನು ಒಂದು ವಾರ ಕೂತು ಲೆಕ್ಕ ಇಟ್ಟೆ. ತೆರೆದಾಗೆಲ್ಲ ಚೀಟಿಯಲ್ಲಿ ಒಂದು ಗೀಟು. ಏಳು ದಿನಕ್ಕೆ 427, ಅಂದರೆ ದಿನಕ್ಕೆ 61 ಸಲ. ಈ ಲೆಕ್ಕದಲ್ಲಿ 2 ಲಕ್ಷ ಮುಟ್ಟಲು ಸುಮಾರು ಒಂಬತ್ತು ವರ್ಷ ಬೇಕು. ಅಷ್ಟು ದಿನ ನಾನು ಯಾವ ಫೋನೂ ಇಟ್ಟುಕೊಂಡಿಲ್ಲ.

ಆದರೆ ಹದಿನಾಲ್ಕನೇ ತಿಂಗಳಲ್ಲಿ ಗೆರೆಯ ಮೇಲ್ತುದಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಗುಳ್ಳೆ ಕಂಡಿತು. ಬೆರಳಿನಿಂದ ಒತ್ತಿದರೆ ಹೋಗುತ್ತಿತ್ತು, ಮಡಚಿ ತೆರೆದರೆ ಮತ್ತೆ ಬರುತ್ತಿತ್ತು. ಮೂರು ವಾರದಲ್ಲಿ ಅದು ಗೆರೆ ಹಿಡಿದು ಎರಡು ಇಂಚು ಕೆಳಗೆ ಇಳಿಯಿತು. ಅಷ್ಟರಲ್ಲಿ ನಾನು ಸುಮಾರು 26 ಸಾವಿರ ಸಲ ಮಡಚಿದ್ದೆ. 2 ಲಕ್ಷದಲ್ಲಿ ಎಂಟನೇ ಒಂದು ಪಾಲು, ಅಷ್ಟೇ.

ಇದಕ್ಕೆ ಕಾರಣ ಸರಳ. ಫೋನ್ ಒಳಗಡೆಗೆ ಮಡಚುವಾಗ ಮೇಲಿನ ಫಿಲಂ ಬಾಗಿನ ಒಳಬದಿಗೆ ಬರುತ್ತದೆ. ಎರಡೂ ಕಡೆಯಿಂದ ಅದನ್ನು ನಡುವಿಗೆ ಒತ್ತಿದ ಹಾಗೆ ಆಗುತ್ತದೆ. ಅಂಟು ಗಟ್ಟಿ ಇರುವಷ್ಟು ದಿನ ತಡೆಯುತ್ತದೆ, ಸಡಿಲವಾದ ಕೂಡಲೇ ಫಿಲಂ ಅಲ್ಲೇ ಉಬ್ಬುತ್ತದೆ.

ಗುಳ್ಳೆ ನೋಡಿದಾಗ ಎದೆ ಧಸಕ್ ಅಂದಿತ್ತು. ಸ್ಕ್ರೀನೇ ಹೋಯಿತು ಅಂದುಕೊಂಡೆ. ಆಮೇಲೆ ಸಮಾಧಾನವಾಗಿ ಪರೀಕ್ಷೆ ಮಾಡಿದೆ. ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಗುಳ್ಳೆಯ ಜಾಗದಲ್ಲಿ ಬಣ್ಣ ಬದಲಾಗಲಿಲ್ಲ, ಕಪ್ಪು ಕಲೆ ಇಲ್ಲ, ಉದ್ದಕ್ಕೆ ಹಸಿರು ಗೀಟೂ ಇಲ್ಲ. ಬರೆಯುವ ಆಪ್‌ನಲ್ಲಿ ಗೆರೆ ದಾಟುವ ಹಾಗೆ ಮೇಲಿಂದ ಕೆಳಗಿನ ತನಕ ಅಡ್ಡಡ್ಡ ಗೀಚಿದೆ. ಎಲ್ಲೂ ತುಂಡಾಗಲಿಲ್ಲ. ಹಾಗಾಗಿ ಪ್ಯಾನೆಲ್ ಸರಿಯಿದೆ, ಎದ್ದಿರುವುದು ಫಿಲಂ ಮಾತ್ರ ಅಂತ ಖಾತ್ರಿಯಾಯಿತು. ಇದರಲ್ಲಿ ಒಂದಾದರೂ ಕೆಟ್ಟು ಬಂದಿದ್ದರೆ ಪೂರ್ತಿ ಒಳಸ್ಕ್ರೀನ್ ಬದಲಿಸಬೇಕಿತ್ತು. ಅದು ಈ ಫೋನುಗಳಲ್ಲಿ ಎಲ್ಲಕ್ಕಿಂತ ದುಬಾರಿ ರಿಪೇರಿ.

ಆಗ ಕೈ ತುರಿಸುವುದು ನಿಜ. ಅಂಚು ಎದ್ದಿದೆ, ಎಳೆದು ತೆಗೆದರೆ ಆಯ್ತಲ್ವಾ ಅನಿಸುತ್ತದೆ. ದಯವಿಟ್ಟು ಮಾಡಬೇಡಿ. 2019ರಲ್ಲಿ ವಿಮರ್ಶೆಗೆ ಕೊಟ್ಟಿದ್ದ ಆ ಮೊದಲ ಫೋಲ್ಡ್‌ಗಳಲ್ಲಿ ಕೆಲವರು ಇದೇ ಪದರವನ್ನು ಸುಮ್ನೆ ಸ್ಕ್ರೀನ್ ಗಾರ್ಡ್ ಅಂದುಕೊಂಡು ಕಿತ್ತಾಗ ಸ್ಕ್ರೀನೇ ಸತ್ತಿತ್ತು. ಬಿಡುಗಡೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಹೋಗಿದ್ದಕ್ಕೆ ಅದೂ ಒಂದು ಕಾರಣ. ಈಗ ಕೆಳಗೆ ಗಾಜು ಇದೆ ನಿಜ, ಆದರೆ ಪೆಟ್ಟು ತಡೆಯುವುದು ಈ ಫಿಲಮ್ಮೇ.

ನಾನು ಸರ್ವಿಸ್ ಸೆಂಟರ್‌ಗೆ ಹೋದೆ. ಅಲ್ಲಿನ ಹುಡುಗ ಬೆಚ್ಚಗೆ ಮಾಡಿ ಹಳೆ ಫಿಲಂ ಬಿಡಿಸಿ, ಉಳಿದ ಅಂಟು ಒರೆಸಿ, ಯಂತ್ರದಲ್ಲಿಟ್ಟು ಹೊಸದು ಕೂರಿಸಿದ. ಎರಡು ಗಂಟೆ ಕೆಲಸ. "ಸರ್, ಗುಳ್ಳೆ ಬಂದ ಮೇಲೂ ಮಡಚ್ತಾ ಇದ್ರೆ ಸಂದಿಗೆ ಧೂಳು ಸೇರುತ್ತೆ. ಅದರ ಮೇಲೆ ಒತ್ತಿದ್ರೆ ಗಾಜಿಗೆ ಪೆಟ್ಟು. ಮುಂದಿನ ಸಲ ಸಣ್ಣದಿದ್ದಾಗಲೇ ಬನ್ನಿ" ಅಂದ. ಮೂರು ವಾರ ಕಾದದ್ದು ನನ್ನ ತಪ್ಪೇ.

ಧೂಳಿನ ವಿಷಯಕ್ಕೆ ಬಂದರೆ, ಡಬ್ಬಿಯ ಮೇಲಿನ ಐಪಿ ಅಂಕಿ ನೋಡಲು ಕಲಿಯಿರಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿಎಕ್ಸ್8 ಅಂದರೆ ನೀರಿಗೆ ಮಾತ್ರ ರೇಟಿಂಗ್ ಇದೆ, ಧೂಳಿಗಿಲ್ಲ. ಐಪಿ48ರ 4 ತಡೆಯುವುದು 1 ಮಿಲಿಮೀಟರ್‌ಗಿಂತ ದೊಡ್ಡ ಕಣವನ್ನು. ನಯವಾದ ಮರಳು ಅದಕ್ಕಿಂತ ಚಿಕ್ಕದು. ಐಪಿ68 ಇದ್ದರೆ ಧೂಳೂ ಹೋಗುವುದಿಲ್ಲ, ಆದರೆ ಮಡಚುವ ಫೋನುಗಳಿಗೆ ಅದು ಬಂದಿದ್ದು ತೀರಾ ಈಚೆಗೆ. ಒಮ್ಮೆ ನನ್ನ ಹಿಂಜ್ ತೆರೆಯುವಾಗ ಕರಕರ ಅಂದಿತು. ಎಣ್ಣೆ ಬಿಡಲಿಲ್ಲ, ಜೋರಾಗಿ ಗಾಳಿಯೂ ಊದಲಿಲ್ಲ. ಎರಡೂ ಕೊಳೆಯನ್ನು ಒಳಕ್ಕೇ ತಳ್ಳುತ್ತವೆ. ಅರ್ಧ ತೆರೆದು ಮೆತ್ತನೆ ಬ್ರಷ್‌ನಿಂದ ಹೊರಮುಖವಾಗಿ ಗುಡಿಸಿದೆ. ಎರಡು ದಿನದಲ್ಲಿ ಸದ್ದು ನಿಂತಿತು.

ಮೊನ್ನೆ ತಂಗಿ ಕೇಳಿದಳು, "ಅಣ್ಣಾ, ಮೊದಲನೇ ಸಲ ತಗೊಳ್ತಿದೀನಿ, ತಗೊಳ್ಳಲಾ?" ನಾನು ಅವಳಿಗೆ ಹೊಸ ಡಬ್ಬಿ ಬಿಟ್ಟು ಅಂಗಡಿಯಲ್ಲಿ ನೋಡಲು ಇಟ್ಟಿರುವ ಫೋನನ್ನೇ ಹಿಡಿದು ನೋಡು ಅಂದೆ. ಅದನ್ನು ಬಂದವರೆಲ್ಲ ತೆರೆದು ಮುಚ್ಚಿರುತ್ತಾರೆ, ನಿನ್ನ ಫೋನ್ ವರ್ಷದ ನಂತರ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗಿರುತ್ತದೆ. ಅರ್ಧಕ್ಕೆ ತೆರೆದು ಬಿಟ್ಟರೆ ಹಿಂಜ್ ಅಲ್ಲೇ ನಿಲ್ಲಬೇಕು, ತಾನಾಗಿ ಬೀಳಬಾರದು. ಫಿಲಂ ಎದ್ದರೆ ವಾರಂಟಿಯಲ್ಲಿ ಬದಲಿಸುತ್ತಾರಾ, ವಾರಂಟಿ ಮುಗಿದ ಮೇಲೆ ಒಳಸ್ಕ್ರೀನಿಗೆ ಎಷ್ಟು, ಇವೆರಡನ್ನು ಕೊಳ್ಳುವ ಮುಂಚೆಯೇ ಕೇಳು. ಆ ರಿಪೇರಿಯ ಮೊತ್ತ ಕೇಳಿ ನಿದ್ದೆ ಕೆಡುವ ಹಾಗಿದ್ದರೆ ಈ ಸಲ ಬಿಡು. ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇಲ್ಲದಿದ್ದರೂ ಬಿಡು. ಬಿಡುವ ಕಾರಣ ಗೆರೆ ಮಾತ್ರ ಆಗಿದ್ದರೆ, ತಗೋ.

ಅವಳಿಗೆ ಪಿಡಿಎಫ್ ಓದುವ ಕೆಲಸ ಜಾಸ್ತಿ. ದಿನಾ ದೊಡ್ಡ ಸ್ಕ್ರೀನ್ ತೆರೆಯುತ್ತಾಳೆ ಅಂತ ನನಗೆ ಗೊತ್ತಿತ್ತು, ಅದಕ್ಕೇ ಧೈರ್ಯವಾಗಿ ಹೇಳಿದೆ. ಬರೀ ಮೆಸೇಜು, ಕರೆ ಅಷ್ಟೇ ಅಂತಾದರೆ ಮಾಮೂಲಿ ಫೋನೇ ಸಾಕು.

ನನ್ನ ಎರಡನೇ ಫಿಲಂಗೆ ಈಗ ಒಂಬತ್ತು ತಿಂಗಳು. ಪ್ರತಿ ಭಾನುವಾರ ಸ್ಕ್ರೀನ್ ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ಗೆರೆಯ ಮೇಲ್ತುದಿ ನೋಡುತ್ತೇನೆ. ಇನ್ನೂ ಏನೂ ಎದ್ದಿಲ್ಲ.