‘ಖಾತೆ’ ಎಂಬ ಒಂದು ಪದ: ಕಾನೂನು ನೆರವು ಕ್ಲಿನಿಕ್ಕಿನಲ್ಲಿ ನನ್ನ ಮೊದಲ ಸಂದರ್ಶನ

ಕಕ್ಷಿದಾರರು ಬಂದು ಕುಳಿತ ಕೂಡಲೇ ಅರ್ಜಿ ನಮೂನೆಯನ್ನು ತೆರೆಯದೆ, ಅವರು ತಂದಿರುವ ಪ್ಲಾಸ್ಟಿಕ್ ಕವರಿನ ಕಾಗದಗಳನ್ನು ಅವರ ಕೈಯಿಂದಲೇ ಒಂದೊಂದಾಗಿ ಹೊರಗೆ ತೆಗೆಸಿ, ‘ಇದು ಮನೆಗೆ ಹೇಗೆ ಬಂತು, ಯಾರು ತಂದುಕೊಟ್ಟರು’ ಎಂದು ಕೇಳುತ್ತಾ ಹೋಗುವುದು ನನ್ನ ಕ್ರಮ. ನಮ್ಮ ಕ್ಲಿನಿಕ್ಕಿನ ಹಿರಿಯ ವಿದ್ಯಾರ್ಥಿಗಳು ಇದನ್ನು ಬಹಳ ದಿನ ‘ಹರಟೆ’ ಎಂದೇ ಕರೆದರು. ಈಗ ಆ ಮೊದಲ ಪ್ರಕರಣದ ಮೇಲ್ಮನವಿಯಲ್ಲಿ ಆದೇಶ ನಮ್ಮ ಪರವಾಗಿ ಬಂದಿರುವುದರಿಂದ, ನಡೆದದ್ದನ್ನು ನೆನಪಿರುವಷ್ಟು ಬರೆದಿಡುತ್ತಿದ್ದೇನೆ.

2024ರ ಫೆಬ್ರವರಿ ಕೊನೆಯ ವಾರ. ತುಮಕೂರು ಜಿಲ್ಲೆಯ ಒಣಭೂಮಿ ಸೀಮೆಯ ಹಳ್ಳಿಯಿಂದ ಐವತ್ತೈದರ ಆಸುಪಾಸಿನ ಒಬ್ಬ ವಿಧವೆ ತನ್ನ ಅಣ್ಣನ ಮಗನೊಡನೆ ಬಂದಿದ್ದರು. ಮಕ್ಕಳಿಲ್ಲ. ಗಂಡ 2021ರ ಆಷಾಢದಲ್ಲಿ ತೀರಿಕೊಂಡಿದ್ದರು. ಭಾಗವಾಗಿ ಗಂಡನ ಹೆಸರಿಗೇ ಪ್ರತ್ಯೇಕ ಖಾತೆಯಿದ್ದ ಎರಡೂಕಾಲು ಎಕರೆ ಕಡ್ಲೆಕಾಯಿ ಹೊಲ ಈಗ ಮೈದುನನ ಹೆಸರಿನಲ್ಲಿತ್ತು. ಅಣ್ಣ ವಾರಸುದಾರರಿಲ್ಲದೆ ಸತ್ತನೆಂದು ಬರೆಸಿದ ವಂಶವೃಕ್ಷವೊಂದನ್ನು ಕೊಟ್ಟು ಆತ ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ನಮೂದು, ಮಾಡಿಸಿಕೊಂಡಿದ್ದ.

ಮೊದಲ ದಿನ ನಾನೂ ನಮೂನೆಯನ್ನೇ ಹಿಡಿದು ಕುಳಿತಿದ್ದೆ. ನಾಲ್ಕು ಪುಟ, ಸುಮಾರು ಮುಕ್ಕಾಲು ಗಂಟೆ. ‘ಖಾತೆ ಆದದ್ದು ನಿಮಗೆ ಯಾವಾಗ ಗೊತ್ತಾಯಿತಮ್ಮಾ?’ ಎಂಬ ಪ್ರಶ್ನೆಗೆ ಆಕೆ ಕೊಂಚವೂ ತಡವರಿಸದೆ, ‘ಅದು ಅವರು ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೇನೇ ಆಯ್ತಲ್ಲ ಸ್ವಾಮಿ, ನಾನೇ ಹೆಬ್ಬೆಟ್ಟು ಒತ್ತಿದೀನಿ’ ಎಂದರು. ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಭೂಕಂದಾಯ ಅಧಿನಿಯಮದ 136(2)ರ ಮೇಲ್ಮನವಿಗೆ ಅರವತ್ತು ದಿನಗಳ ಗಡುವು ಆದೇಶ ತಲುಪಿದ ದಿನದಿಂದ ಅಥವಾ ನಮೂದು ತಿಳಿದ ದಿನದಿಂದ ಎಣಿಕೆಯಾಗುವುದನ್ನು ಬಲ್ಲ ಯಾರಿಗಾದರೂ ಆ ಒಂದು ಸಾಲಿನ ಪರಿಣಾಮ ಗೊತ್ತಾಗುತ್ತದೆ. ನನ್ನ ಟಿಪ್ಪಣಿಯ ಪ್ರಕಾರ ಆಕೆಗೆ ಎರಡೂವರೆ ವರ್ಷದಿಂದ ವಿಷಯ ಗೊತ್ತಿತ್ತು, ಅಷ್ಟೇ ಅಲ್ಲದೆ ಒಪ್ಪಿಗೆಯೂ ಇತ್ತು. ಟಿಪ್ಪಣಿ ಓದಿದ ಹಿರಿಯರೊಬ್ಬರು, ‘ಇದರಲ್ಲಿ ಏನೂ ಉಳಿದಿಲ್ಲ, ಸಿವಿಲ್ ದಾವೆ ಹಾಕಿಕೊಳ್ಳಲಿ’ ಎಂದು ಕಡತವನ್ನು ಪಕ್ಕಕ್ಕಿಟ್ಟರು.

ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಎರಡೂವರೆ ವರ್ಷ ಸುಮ್ಮನಿದ್ದವರು ಈ ಫೆಬ್ರವರಿಯಲ್ಲಿ ಎದ್ದು ಬರಲು ಏನೋ ಕಾರಣವಿರಲೇಬೇಕಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಕರೆಸಿದೆ. ಆಕೆಗೆ ಶಕ್ತಿ ಯೋಜನೆಯಿಂದ ಬಸ್ಸು ಉಚಿತವಾಗಿತ್ತು. ಆದರೆ ಜೊತೆಗೆ ಬರುವ ಹುಡುಗನಿಗೆ ಹೋಗಿ ಬರುವ ಟಿಕೆಟ್ಟು ನೂರರ ಮೇಲೆ, ಅದರೊಡನೆ ಒಂದು ದಿನದ ಕೂಲಿಯೂ ಹೋಗುತ್ತಿತ್ತು. ಎರಡನೇ ಸಲದ ಟಿಕೆಟ್ಟನ್ನು ನಾನೇ ಕೊಟ್ಟೆ. ಅದಕ್ಕೂ ಮೊದಲು ತಾಲ್ಲೂಕು ಕಚೇರಿಯ ಹೊರಗಿನ ಒಬ್ಬ ಮಧ್ಯವರ್ತಿ ‘ಖಾತೆ ತಿರುಗಿಸಿ ಕೊಡುತ್ತೇನೆ’ ಎಂದು ಆಕೆಯಿಂದ ಎಂಟು ಸಾವಿರದಷ್ಟು ತೆಗೆದುಕೊಂಡಿದ್ದನೆಂಬುದು ಆ ದಿನವೇ ತಿಳಿದದ್ದು, ಅದೂ ಟಿಕೆಟ್ಟಿನ ಮಾತು ಬಂದಿದ್ದರಿಂದ. ನಮ್ಮ ನಮೂನೆಯಲ್ಲಿ ಆದಾಯದ ಪ್ರಶ್ನೆಯಿದೆ; ಮಹಿಳೆಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಪ್ರಕರಣದಂತೆ ಆದಾಯ ಎಷ್ಟಿದ್ದರೂ ನೆರವು ಸಿಗುವುದರಿಂದ ಆ ಉತ್ತರದಿಂದ ಪ್ರಯೋಜನವಿಲ್ಲ. ಈಗಾಗಲೇ ಯಾರಿಗೆ ಎಷ್ಟು ಕೊಟ್ಟಿದ್ದೀರಿ ಎಂಬ ಪ್ರಶ್ನೆ ಮಾತ್ರ ಅದರಲ್ಲಿಲ್ಲ.

ಎರಡನೇ ಸಲ ಹುಡುಗನನ್ನು ಹೊರಗೆ ಕಳುಹಿಸಿದೆ. ಆತನಿಗೆ ಬೇಸರವಾಗದಂತೆ ಏನು ಹೇಳಿ ಕಳುಹಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದು ಕೆಲಸ ಮಾಡುವುದಿಲ್ಲ. ಕವರಿನಿಂದ ಮೊದಲು ಬಂದದ್ದು ಅಂಚೆ ಕಚೇರಿಯ ಉಳಿತಾಯ ಪುಸ್ತಕ. ‘ಇದೇನಮ್ಮಾ?’ ಎಂದೆ. ‘ಇದೇ ಖಾತೆ. ವಿಧವಾ ವೇತನಕ್ಕೆ ಮೈದುನ ಮಾಡಿಸಿಕೊಟ್ಟ. ಹೆಬ್ಬೆಟ್ಟು ಒತ್ತಿದೆ ಅಂದ್ನಲ್ಲ, ಇದಕ್ಕೇಯ.’

ನಾನು ಕೇಳಿದ್ದು ಹೊಲದ ಖಾತೆಯನ್ನು. ಆಕೆ ಉತ್ತರಿಸಿದ್ದು ಪಿಂಚಣಿಯ ಖಾತೆಗೆ. ಆಕೆಯ ಬಾಯಲ್ಲಿ ಹೊಲದ್ದು ಯಾವತ್ತೂ ‘ಪಹಣಿ’ ಅಥವಾ ‘ಹೆಸರು’. ಒಂದು ಪದ ಇಬ್ಬರಿಗೂ ಪರಿಚಿತವಾಗಿದ್ದುದರಿಂದಲೇ ಇಬ್ಬರಿಗೂ ಅನುಮಾನ ಬರಲಿಲ್ಲ. ‘ಮ್ಯುಟೇಶನ್’ ಎಂದು ಕೇಳಿದ್ದರೆ ಕನಿಷ್ಠ ಆಕೆ ‘ಹಂಗಂದ್ರೇನು’ ಎನ್ನುತ್ತಿದ್ದರು.

ಮೂರನೆಯದೋ ನಾಲ್ಕನೆಯದೋ ಕಾಗದ ಒಂದು ಪಹಣಿ. 2023ರ ಬರಗಾಲದ ಪರಿಹಾರದ ಮೊದಲ ಕಂತು ಜನವರಿಯಲ್ಲಿ ಅಕ್ಕಪಕ್ಕದವರಿಗೆ ಬಂದು ತನಗೆ ಬಾರದಿದ್ದಾಗ ಆಕೆ ವಿಚಾರಿಸಲು ಹೋಗಿದ್ದರು. ಅಲ್ಲಿ ಕಂಪ್ಯೂಟರ್ ನೋಡಿದವರು, ‘ನಿಮ್ಮ ಯಜಮಾನರ ಹೆಸರಲ್ಲಿ ಜಮೀನೇ ಇಲ್ಲವಲ್ಲ’ ಎಂದಿದ್ದರು. ಆ ದಿನವೇ ತೆಗೆಸಿದ ಪಹಣಿಯ ಒಂಬತ್ತನೇ ಕಾಲಂನಲ್ಲಿ ಮೈದುನನ ಹೆಸರು, ಅದರ ಪಕ್ಕದಲ್ಲಿ ಹಕ್ಕು ಬದಲಾವಣೆಯ ಎಂ.ಆರ್. ಸಂಖ್ಯೆ, ಪುಟದ ಮೇಲೆ ಮುದ್ರಣದ ದಿನಾಂಕ: ಸಂಕ್ರಾಂತಿಗೆ ಮೂರು ದಿನ ಮುಂಚಿನದು. ತಿಳಿದ ದಿನವನ್ನು ತೋರಿಸುವ ಕಾಗದವನ್ನು ಆಕೆ ಮೊದಲ ದಿನವೂ ತೊಡೆಯ ಮೇಲೇ ಇಟ್ಟುಕೊಂಡು ಕುಳಿತಿದ್ದರು. ಗಡುವು ಮುಗಿಯಲು ಆಗ ಉಳಿದಿದ್ದದ್ದು ಹತ್ತು ದಿನಕ್ಕಿಂತ ಸ್ವಲ್ಪ ಹೆಚ್ಚು.

ಇಲ್ಲೊಂದು ಎಚ್ಚರ ಬೇಕು. ಗಡುವಿನ ಲೆಕ್ಕ ನನ್ನ ತಲೆಯಲ್ಲಿದ್ದುದರಿಂದ, ‘ಹಾಗಾದರೆ ಜನವರಿಗೆ ಮುಂಚೆ ನಿಮಗೆ ಗೊತ್ತೇ ಇರಲಿಲ್ಲ ಅಲ್ಲವೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಕೇಳಿದ್ದರೆ ಆಕೆ ಹೌದೆನ್ನುತ್ತಿದ್ದರು, ಆ ಹೌದು ನನ್ನದಾಗಿರುತ್ತಿತ್ತು. ಅದರ ಬದಲು ‘ಪಹಣಿ ನೋಡಿದ ದಿನ ಮನೆಗೆ ಹೋಗಿ ಏನು ಮಾಡಿದಿರಿ’ ಎಂದೆ. ಮೈದುನನ ಬಾಗಿಲಿಗೆ ಹೋಗಿ ಜಗಳವಾಡಿದ್ದು, ಬಿಡಿಸಲು ಯಾರು ಯಾರು ಬಂದರೆಂಬುದು ಎಲ್ಲವೂ ಹೊರಬಂತು. ಪ್ರಮಾಣಪತ್ರಕ್ಕೆ ಬೇಕಾದದ್ದು ಅದೇ.

ಹೆಬ್ಬೆಟ್ಟಿನ ತೊಂದರೆ ಮಾತ್ರ ನಿಜವಾಗಿತ್ತು. ಹಕ್ಕು ಬದಲಾವಣೆ ಕಡತದ ದೃಢೀಕೃತ ನಕಲು ತೆಗೆಸಿದಾಗ ಅದರಲ್ಲಿ ಆಕೆಯ ಹೆಬ್ಬೆಟ್ಟಿದ್ದ ಒಪ್ಪಿಗೆ ಹೇಳಿಕೆ ಸಿಕ್ಕಿತು. ವಾರಸುದಾರರೇ ಇಲ್ಲವೆಂದ ಕಡತದಲ್ಲಿ ಹೆಂಡತಿಯ ಒಪ್ಪಿಗೆ ಏಕೆ ಬೇಕಾಯಿತೆಂಬುದು ನಮ್ಮ ಮೊದಲ ವಾದವಾಯಿತು; ಪಿಂಚಣಿ ಅರ್ಜಿಯ ದಿನಾಂಕ ಮತ್ತು ಆ ಹೇಳಿಕೆಯ ದಿನಾಂಕ ಒಂದೇ ವಾರದವು ಎಂಬುದು ಎರಡನೆಯದು. ನಕಲು, ಜೆರಾಕ್ಸ್, ಓಡಾಟ ಎಲ್ಲ ಸೇರಿ ಆರುನೂರರಿಂದ ಏಳುನೂರು ರೂಪಾಯಿ ಆಗಿರಬೇಕು. ವಿದ್ಯಾರ್ಥಿಯಾದ ನಾನು ಹಾಜರಾಗುವಂತಿಲ್ಲವಾದ್ದರಿಂದ ಪ್ಯಾನೆಲ್ ವಕೀಲರು ಗಡುವಿಗೆ ಮೂರು ದಿನ ಮೊದಲು ಮೇಲ್ಮನವಿ ಸಲ್ಲಿಸಿದರು. ಮುಂಜಾಗ್ರತೆಗೆಂದು ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗಿಟ್ಟರು. ಘಟನಾವಳಿಯ ಒಂದು ಪುಟವನ್ನು ಅವರು ನನ್ನ ಟಿಪ್ಪಣಿಯಿಂದ ಒಂದಕ್ಷರ ತಿದ್ದದೆ ತೆಗೆದುಕೊಂಡರೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಬೇರೆಯವರೊಡನೆ ಕೆಲವು ಪ್ರಯೋಗ ಮಾಡಿದೆ. ಅನುಮತಿ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಣಕ್ಕೆ ಇಟ್ಟರೆ ಜನ ಸಾಕ್ಷಿ ಕಟ್ಟೆಯಲ್ಲಿ ನಿಂತವರಂತೆ ಮಾತನಾಡುತ್ತಾರೆ. ಎರಡು ಸಲಕ್ಕೇ ಬಿಟ್ಟೆ. ವಂಶವೃಕ್ಷವನ್ನು ಬರೆಯುವ ಬದಲು ಮೇಜಿನ ಮೇಲೆ ಕಡ್ಲೆಕಾಯಿ ಇಟ್ಟು ಜೋಡಿಸಿದ್ದು ಚೆನ್ನಾಗಿ ನಡೆಯಿತು: ಬಾಯಿಮಾತಿನಲ್ಲಿ ಬಿಟ್ಟುಹೋಗುವ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಕಾಯಿ ಇಡುವಾಗ ನೆನಪಾಗುತ್ತಾರೆ. ಒಂದು ದೊಡ್ಡ ಕುಟುಂಬದ ಮೂರನೇ ತಲೆಮಾರನ್ನು ಕಕ್ಷಿದಾರರ ಮೊಮ್ಮಗ ತಿಂದುಬಿಟ್ಟದ್ದರಿಂದ ಈಗ ಹುಣಸೆ ಬೀಜ ಬಳಸುತ್ತೇನೆ.

ಉಪವಿಭಾಗಾಧಿಕಾರಿಗಳು ಪೌತಿ ನಮೂದನ್ನು ರದ್ದುಪಡಿಸಿ ಹೊಸದಾಗಿ ವಿಚಾರಣೆ ನಡೆಸಲು ತಹಶೀಲ್ದಾರರಿಗೆ ಮರಳಿಸಿದ್ದಾರೆ. ಆ ವಿಚಾರಣೆ ಇನ್ನೂ ಮುಗಿದಿಲ್ಲ, ಎಂಟು ಸಾವಿರವೂ ವಾಪಸ್ ಬಂದಿಲ್ಲ. ನಮ್ಮ ನಮೂನೆಯಲ್ಲಿ ‘ಖಾತೆ’ ಎಂದಿದ್ದ ಕಡೆ ಈಗ ‘ಪಹಣಿಯಲ್ಲಿ ಹೆಸರು’ ಎಂದು ತಿದ್ದಿಸಿದ್ದೇನೆ. ಆ ನಾಲ್ಕು ಪುಟಗಳನ್ನು ತುಂಬುವುದು ಈಗಲೂ ಕಡ್ಡಾಯ. ಕಕ್ಷಿದಾರರು ಬಸ್ಸು ಹತ್ತಿದ ಮೇಲೆ ಸಂಜೆ ಕುಳಿತು ತುಂಬುತ್ತೇನೆ.